ಎರಡು ಹೆಸರಿನ ಊರಿನ ಸಾಲು

ಊಟದ ಡಬ್ಬಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿ ಕುರ್ಚಿಗೆ ಬಂದು ಕುಳಿತಿದ್ದೆ, ಆಫೀಸಿನ ಫೋನು ರಿಂಗಾಯಿತು. ಪಾವಗಡ ತಾಲ್ಲೂಕಿನ, ತಿರುಮಣಿಯಿಂದ ಆಚೆಗಿನ ಒಂದು ಊರಿನ ಅಂಗನವಾಡಿ ಟೀಚರ್.

"ಮೇಡಂ, ನಮ್ಮೂರ ಸ್ಕೂಲ್ ಹಿಂದಿನ ಬೋರ್ ನೀರು ಕುಡಿಯಾಕೆ ಆಗುತ್ತೆ ಅಂತ ನಿಮ್ಮ ಪೇಜಲ್ಲಿ ಬಂದೈತೆ ಗದಾ? ನಿಜವೇನಾ ಅಂತ ಕೇಳಾನ ಅಂತ ಮಾಡ್ದೆ."

ಪೇಜಿನಲ್ಲಿ ಇದ್ದರೆ ನಿಜವೇ ಎಂದು ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ಇನ್ನೊಂದು. ಬಟ್ಟೆ ಪಾತ್ರೆಗೆ ಆಗುತ್ತಾ ಅನ್ನೋ ಕಡೆ 'ಶಾಲೆಯ ಹಿಂದೆ' ಅಂತ ಬರ್ದವ್ರೆ. ಪಾತ್ರೆನ ಶಾಲೆಯ ಹಿಂದೆ ತೊಳೀಬೇಕು ಅಂತಾನಾ?"

ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಹತ್ತು ನಿಮಿಷದಲ್ಲಿ ನಾನೇ ಫೋನ್ ಮಾಡುತ್ತೇನೆ ಎಂದು ಇಟ್ಟೆ.

ನಮ್ಮದು ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಸಂಸ್ಥೆ. ಮಧುಗಿರಿಯಲ್ಲಿ ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳ ಬೋರ್‌ವೆಲ್‌ಗಳಿಂದ ಬಾಟಲಿಗಳಲ್ಲಿ ನೀರು ಬರುತ್ತದೆ. ಒಳಗಿನ ಕೋಣೆಯಲ್ಲಿ ಶಿರಾದ ಅಕ್ಕ ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಹೊರಗಿನ ಕೋಣೆಯಲ್ಲಿ ನಾನು. ಸಂಖ್ಯಾಶಾಸ್ತ್ರ ಓದಿದವಳು. ತೋವಿನಕೆರೆಯಿಂದ ಎರಡು ಬಸ್ಸು ಬದಲಿಸಿ ಬಂದು, ಆ ಫಲಿತಾಂಶವನ್ನು ಜನ ಮೊಬೈಲಿನಲ್ಲಿ ನೋಡುವ ಹಾಗೆ ಪುಟ ಮಾಡಿ ಹಾಕುವುದು ನನ್ನ ಕೆಲಸ. ತಾಲ್ಲೂಕಿಗೊಂದು ಪುಟ, ಪುಟಕ್ಕೊಂದು ಕೋಷ್ಟಕ. ಅಂಕಿ ಬೇಡ, ಮಾತಿನಲ್ಲಿರಲಿ ಎಂದು ಹೇಳಿದ್ದವಳು ನಾನೇ. ಊರು, ಬೋರ್ ಇರುವ ಜಾಗ, ಬಟ್ಟೆ ಪಾತ್ರೆಗೆ, ಕುಡಿಯಲು. ಕೊನೆಯ ಎರಡು ಅಂಕಣಗಳಲ್ಲಿ "ಆಗುತ್ತದೆ" ಅಥವಾ "ಬೇಡ".

ನಮ್ಮ ಪುಟಗಳು ಮಾರ್ಕ್‌ಡೌನ್ ಎಂಬ ಸರಳ ಬರಹವನ್ನು ಮಾತ್ರ ತೆಗೆದುಕೊಳ್ಳುತ್ತವೆ. ಅಲ್ಲಿ ಕೋಷ್ಟಕ ಬೇಕೆಂದರೆ ಒಂದೊಂದು ಮನೆಯ, ಅಂದರೆ ಚೌಕದ, ನಡುವೆ ಒಂದು ನಿಂತ ಗೆರೆ ಹಾಕಬೇಕು. ಮೊದಲ ಸಾಲು ತಲೆಬರಹ. ಅದರ ಕೆಳಗೆ ಅಡ್ಡಗೆರೆಗಳ ಒಂದು ಸಾಲು. ಆಮೇಲೆ ಊರುಗಳು.

| ಊರು | ಬೋರ್ ಇರುವ ಜಾಗ | ಬಟ್ಟೆ ಪಾತ್ರೆಗೆ | ಕುಡಿಯಲು |
| --- | --- | --- | --- |

ಇದನ್ನು ಕೈಯಲ್ಲಿ ಮಾಡಿದರೆ ದಿನವೇ ಹೋಗುತ್ತದೆ. ಹಾಗಾಗಿ ಪೈಥಾನ್‌ನಲ್ಲಿ ನಾಲ್ಕಾರು ಸಾಲಿನ ಒಂದು ಪ್ರೋಗ್ರಾಮ್ ಬರೆದಿದ್ದೆ. ಸಾಲಿಗೊಂದು ಪಟ್ಟಿಯಂತೆ, ಪಟ್ಟಿಗಳ ಪಟ್ಟಿಯೊಂದನ್ನು ಅದಕ್ಕೆ ಕೊಡುತ್ತಿದ್ದೆ. ಒಳಗಿನ ಮೊದಲ ಪಟ್ಟಿಯನ್ನು ಅದು ತಲೆಬರಹ ಮಾಡುತ್ತಿತ್ತು, ಅದರಲ್ಲಿ ಎಷ್ಟು ನಮೂದಿದೆಯೋ ಅಷ್ಟು ಅಡ್ಡಗೆರೆಗಳನ್ನು ಕೆಳಗೆ ಹಾಕುತ್ತಿತ್ತು, ಉಳಿದ ಒಂದೊಂದು ಪಟ್ಟಿಯನ್ನೂ ನಿಂತ ಗೆರೆಯಿಂದ ಪೋಣಿಸಿ ಒಂದೊಂದು ಸಾಲು ಮಾಡುತ್ತಿತ್ತು. ಯಾವುದಾದರೂ ಪಟ್ಟಿಯಲ್ಲಿ ತಲೆಬರಹಕ್ಕಿಂತ ಹೆಚ್ಚೋ ಕಡಿಮೆಯೋ ಇದ್ದರೆ ನಿಂತುಬಿಡಬೇಕು ಎಂದೂ ಬರೆದಿದ್ದೆ. ಆ ಒಂದು ಸಾಲಿನ ಮೇಲೆ ನನಗೆ ಬಹಳ ನಂಬಿಕೆಯಿತ್ತು.

ಒಳಗೆ ಹೋಗಿ ಅಕ್ಕನನ್ನು ಕೇಳಿದೆ. ಅವರು ಕೈಗವಸು ತೆಗೆಯದೆ ಮೊಣಕೈಯಲ್ಲೇ ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು.

"ಓದ್ಕೋ. ಬಟ್ಟೆ ಪಾತ್ರೆಗೆ ಆಗುತ್ತೆ, ಕುಡಿಯಕ್ಕೆ ಬೇಡ. ಬೇಡ ಅನ್ನೋದ್ರ ಕೆಳಗೆ ಗೀಟೂ ಎಳ್ದಿದೀನಿ."

"ಪೇಜಲ್ಲಿ ಕುಡಿಯಲು ಆಗುತ್ತದೆ ಅಂತ ಬಂದಿದೆ, ಅಕ್ಕ."

"ಅಂಗಂದ್ರೆ ನಿನ್ ಕಂಪ್ಯೂಟರ್ರು ನನಗಿಂತ ಚೆನ್ನಾಗಿ ಟೆಸ್ಟ್ ಮಾಡಿರ್ಬೇಕು ಕಣಮ್ಮ." ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಆ ಊರಿನ್ ನೀರು ನಾನ್ ಎರಡು ಸಲ ನೋಡಿದ್ದು. ಹೋಗು, ಮೊದ್ಲು ಅದ್ನ ತೆಗಿ."

ಪಾವಗಡದ ಪುಟವನ್ನು ತೆಗೆದುಹಾಕಿದೆ. ಟೀಚರಿಗೆ ಫೋನ್ ಮಾಡಿದೆ, ಹೋಗಲಿಲ್ಲ. ಆ ಕಡೆ ಸಿಗ್ನಲ್ ಹಾಗೆಯೇ. ಮತ್ತೆ ಎರಡು ಸಲ ಮಾಡಿ, ಪಟ್ಟಿಯನ್ನು ಪರದೆಯ ಮೇಲೆ ತೆರೆದೆ.

ಪಟ್ಟಿ ಸರಿಯಾಗಿತ್ತು. ಆ ಊರಿನ ಒಳಪಟ್ಟಿಯಲ್ಲಿ ನಾಲ್ಕೇ ನಮೂದು, ನಾಲ್ಕನೆಯದು "ಬೇಡ". ಎರಡು ಸಲ ಎಣಿಸಿದೆ. ಆಮೇಲೆ ಅದರಿಂದ ಹುಟ್ಟಿದ ಮಾರ್ಕ್‌ಡೌನ್ ಸಾಲನ್ನು ನೋಡಿದೆ. ಅಲ್ಲಿ ಐದು ಮನೆಗಳಿದ್ದವು.

ಆ ಊರಿಗೆ ಎರಡು ಹೆಸರು. ಕನ್ನಡದಲ್ಲಿ "ಹಳ್ಳಿ" ಎಂದು ಮುಗಿಯುತ್ತದೆ, ತೆಲುಗಿನಲ್ಲಿ "ಪಲ್ಲಿ" ಎಂದು. ಗಡಿಯ ಕಡೆ ಇಂಥ ಊರುಗಳು ಬೇಕಾದಷ್ಟಿವೆ. ಪಾವಗಡದಿಂದ ನೀರು ತರುವ ಅಣ್ಣ, ಬಾಟಲಿಗಳ ಜೊತೆ ಕೊಡುವ ಊರುಗಳ ಫೈಲಿನಲ್ಲಿ ಎರಡನ್ನೂ ಬರೆಯುತ್ತಿದ್ದರು, ಯಾರಿಗೂ ತಮ್ಮ ಊರು ಕಾಣದೆ ಹೋಗಬಾರದೆಂದು. ಎರಡರ ನಡುವೆ ಒಂದು ನಿಂತ ಗೆರೆ ಹಾಕಿದ್ದರು. ಪೈಥಾನಿನ ಪಟ್ಟಿಗೆ ಅದು ಒಂದೇ ನಮೂದಿನೊಳಗಿನ ಒಂದು ಅಕ್ಷರ, ಅಷ್ಟೇ. ಮಾರ್ಕ್‌ಡೌನಿಗೆ ಅದು ಗೋಡೆ. ಮೊದಲ ಹೆಸರು ಊರಿನ ಮನೆಯಲ್ಲಿ ಉಳಿಯಿತು, ಎರಡನೆಯ ಹೆಸರು ಜಾಗದ ಮನೆಗೆ ಹೋಯಿತು, "ಶಾಲೆಯ ಹಿಂದೆ" ಎಂಬುದು ಬಟ್ಟೆ ಪಾತ್ರೆಗೆ ಬಂತು, ಬಟ್ಟೆ ಪಾತ್ರೆಯ "ಆಗುತ್ತದೆ" ಕುಡಿಯಲು ಎಂಬುದರ ಕೆಳಗೆ ಹೋಗಿ ಕುಳಿತಿತು. ತಲೆಬರಹದಲ್ಲಿ ನಾಲ್ಕೇ ಅಂಕಣ ಇದ್ದುದರಿಂದ ಐದನೆಯದನ್ನು ಪುಟ ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಬಿಟ್ಟದ್ದು "ಬೇಡ". ನಾನು ಪಟ್ಟಿಯಲ್ಲಿರುವುದನ್ನು ಎಣಿಸಿದ್ದೆ, ಪೋಣಿಸಿದ ಮೇಲೆ ಆಗುವ ಮನೆಗಳನ್ನು ಎಣಿಸಿರಲಿಲ್ಲ.

ಪಾವಗಡದ ಅಣ್ಣನಿಗೆ ಫೋನ್ ಮಾಡಿ, ಆ ಗೆರೆ ಯಾಕೆ ಹಾಕಿದಿರಿ ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು ಎಂದು ಈಗ ಅನ್ನಿಸುತ್ತದೆ.

"ಅದೇ ಅಮ್ಮಾ, ಕಾಮಾ ಹಾಕಬ್ಯಾಡಿ ಅಂತ ನೀವೇ ಅಂದ್ರಿ ಗದಾ. ಕಾಮಾ ಹಾಕಿದ್ರೆ ಫೈಲ್ ಮುರೀತದೆ ಅಂದ್ರಿ. ಸರ್ಲೇ ಅಂತ ಗೋಡೆ ಹಾಕ್ದೆ."

ನಿಜ. ಫೈಲನ್ನು ಕಾಮಾ ಕಂಡ ಕಡೆ ಕತ್ತರಿಸಿ ಪಟ್ಟಿ ಮಾಡುವ ಸೋಮಾರಿ ದಾರಿ ನನ್ನದಾಗಿತ್ತು. ಅದಕ್ಕಾಗಿ ಅವರ ಕಾಮಾಗಳನ್ನು ನಾನೇ ನಿಲ್ಲಿಸಿದ್ದೆ. ಅವರು ನನ್ನ ಮಾತು ಕೇಳಿದ್ದರು, ಅಷ್ಟೇ. ತಪ್ಪು ನನ್ನದು ಎಂದೆ.

"ಅದು ಬುಡಿ. ಈಗ ಆ ಟೀಚರಮ್ಮಂಗೆ ಹೇಳ್ಬೇಕಲ್ಲ. ಊರಿನ ವಾಟ್ಸಾಪ್ ಗ್ರೂಪ್‌ನಲ್ಲಿ ಪೇಜಿಂದು ಫೋಟೋ ಹೋಗಿ ಎಲ್ರೂ ನೋಡವ್ರೆ. ಪೇಜ್ ತೆಗ್ದ್ರೆ ಫೋಟೋ ಹೋಗ್ತದಾ?"

ಹೋಗುವುದಿಲ್ಲ. ಪುಟದ ಚಿತ್ರ ಮೂರು ದಿನದಿಂದ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿತ್ತು.

ತಿದ್ದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೊಂದು ನಮೂದನ್ನೂ ಪೋಣಿಸುವ ಮೊದಲು ಅದರೊಳಗೆ ನಿಂತ ಗೆರೆ ಇದ್ದರೆ ಅದರ ಎಡಕ್ಕೆ ಒಂದು ಓರೆಗೆರೆ, ಅಂದರೆ ಬ್ಯಾಕ್‌ಸ್ಲ್ಯಾಶ್ ಸೇರಿಸುವಂತೆ ಮಾಡಿದೆ. ಆಗ ಪುಟ ಅದನ್ನು ಗೋಡೆ ಎಂದುಕೊಳ್ಳದೆ ಬರೀ ಗೆರೆಯಾಗಿ ತೋರಿಸುತ್ತದೆ. ಮತ್ತೆ ಓಡಿಸಿದೆ. ಎರಡು ಹೆಸರೂ ಒಂದೇ ಮನೆಯಲ್ಲಿ ಬಂದವು, "ಬೇಡ" ಕೊನೆಗೆ ಬಂತು. ಎರಡು ಹೆಸರಿನ ಊರು ಇನ್ನೂ ಎರಡಿದ್ದವು. ಅಲ್ಲಿ ಎರಡೂ ಅಂಕಣದಲ್ಲಿ "ಆಗುತ್ತದೆ" ಎಂದೇ ಇದ್ದುದರಿಂದ ಮನೆ ಜರುಗಿದರೂ ಕುಡಿಯುವ ಮಾತು ಕೆಟ್ಟಿರಲಿಲ್ಲ. ಆದರೂ ಅಕ್ಕನನ್ನು ಹೊರಗೆ ಕರೆದು, ರಿಜಿಸ್ಟರಿನ ಪಕ್ಕದಲ್ಲಿಟ್ಟು ಒಂದೊಂದೇ ಊರನ್ನು ಓದಿಸಿದೆ. ಪುಟವನ್ನು ಮತ್ತೆ ಹಾಕಿದೆ. ಟೀಚರ್ ಫೋನು ಆಗಲೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗದೆ ಪಾವಗಡದ ಬಸ್ಸು ಹತ್ತಿದೆ. ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಅಣ್ಣನೊಬ್ಬರೇ ಹೋಗಿ ಹೇಳಬಹುದಿತ್ತು. ಆದರೆ ಗೆರೆ ಹಾಕಿದವರು ಅವರು ಎಂದು ಊರಿನವರಿಗೆ ಗೊತ್ತಾದರೆ ಅವರ ಮೇಲೆಯೇ ಬರುತ್ತದೆ. ಬಸ್ಸಿನಲ್ಲಿ ನಿದ್ದೆ ಬರಲಿಲ್ಲ, ಎಚ್ಚರವೂ ಇರಲಿಲ್ಲ. ಸ್ಟ್ಯಾಂಡಿನಲ್ಲಿ ಅಣ್ಣ ಬೈಕು ತಂದು ನಿಂತಿದ್ದರು. ತಿರುಮಣಿ ದಾಟಿದ ಮೇಲೆ ದಾರಿಯ ಎರಡೂ ಕಡೆ ಸೋಲಾರ್ ಹಲಗೆಗಳು ಮುಗಿಯುವಂತೆಯೇ ಕಾಣಲಿಲ್ಲ. ಅಣ್ಣ ಏನೋ ಹೇಳುತ್ತಿದ್ದರು, ಗಾಳಿಗೆ ಅರ್ಧ ಕೇಳುತ್ತಿತ್ತು.

ಅಂಗನವಾಡಿಯ ಅಡುಗೆ ಒಲೆಯ ಮೇಲೆ ಪಾತ್ರೆ ಇತ್ತು. ಟೀಚರ್ ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿರಬೇಕು. ಮಕ್ಕಳನ್ನು ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ನಾನು ನಿಂತೇ ಹೇಳಿದೆ. ಕೋಷ್ಟಕದಲ್ಲಿ ಮನೆ ಜರುಗಿದ್ದು, ತಪ್ಪು ನನ್ನದೆಂದು, ಆ ನೀರು ಕುಡಿಯಲು ಬೇಡವೆಂದು.

ಅವರು ಒಲೆಯ ಮೇಲಿನ ಪಾತ್ರೆಯ ಕಡೆ ನೋಡಿದರು.

"ಮೂರು ದಿನದಿಂದ ಇದ್ರಲ್ಲೇ ಅನ್ನ ಮಾಡ್ತಾವ್ನಿ," ಎಂದರು. "ಕುಡಿಯಾಕೂ ಇದೇ."

"ಮೂರು ದಿನಕ್ಕೆ ಏನೂ ಆಗೋದಿಲ್ಲವಂತೆ, ಟೀಚರ್. ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ, ಮೂಳೆಗೆ ಬರುತ್ತೆ. ನಮ್ಮ ಲ್ಯಾಬಿನ ಅಕ್ಕನನ್ನು ಕೇಳಿಕೊಂಡೇ ಬಂದೆ."

"ಕಾಯ್ಸಿ ಕೊಟ್ರೆ?"

"ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ."

"ಏಮಿ ಖರ್ಮ," ಎಂದು ತಮ್ಮ ಹಣೆಬರಹವನ್ನು ಬೈದುಕೊಂಡು ಅವರು ಅಣ್ಣನ ಕಡೆ ನೋಡಿ ತೆಲುಗಿನಲ್ಲಿ ಇನ್ನೇನೋ ಹೇಳಿದರು. ಅಣ್ಣ ತಲೆ ತಗ್ಗಿಸಿದರು. ಆಮೇಲೆ ಟೀಚರ್ ನನಗೆ ಅರ್ಥವಾಗಲೆಂದು ಕನ್ನಡಕ್ಕೆ ತಿರುಗಿದರು. "ಫಿಲ್ಟರ್ ನೀರಿನ ಮನೆ ಊರಿನ ಆ ಕೊನೇಗೈತೆ ಮೇಡಂ. ದಿನಾ ಎರಡು ಕ್ಯಾನು. ಸಹಾಯಕ್ಕಿರೋ ಆಯಮ್ಮಂಗೆ ಸೊಂಟ ನೋವು, ನಾನೇ ಹೊರಬೇಕು. ಮೊನ್ನೆ ಆ ಫೋಟೋ ನೋಡ್ಕಂಡು, ಇನ್ನ ಹೊರೋದು ತಪ್ತು ಅಂದ್ಕಂಡಿದ್ದೆ. ಆಯಮ್ಮ ಬೆಲ್ಲ ಹಾಕಿ ಪಾಯ್ಸ ಮಾಡಿದ್ಲು. ಅದೇ ನೀರಲ್ಲಿ."

ಕ್ಷಮಿಸಿ ಎಂದೆ. ಆ ಮಾತು ಅಲ್ಲಿ ಬಹಳ ತೆಳುವಾಗಿ ಕೇಳಿಸಿತು. ದಾರಿಯುದ್ದಕ್ಕೂ ನಾನು ತಪ್ಪನ್ನು ಸರಿಮಾಡಲು ಹೊರಟಿದ್ದೇನೆ ಎಂದುಕೊಂಡಿದ್ದೆ. ಅವರಿಗೆ ನಾನು ತಂದದ್ದು ಮತ್ತೆ ಹೊರಬೇಕಾದ ಎರಡು ಕ್ಯಾನು ಮಾತ್ರ.

"ನೀವ್ಯಾಕೆ ಅಂಗೆ ನಿಂತ್ಕಂಡ್ರಿ, ಕೂತ್ಕಳಿ," ಎಂದರು. "ಫೋನ್ ಮಾಡಿ ಕೇಳಿದ್ದು ಒಳ್ಳೇದಾತು. ಇಲ್ದಿದ್ರೆ ಇನ್ನೂ ಎಷ್ಟು ದಿನ ಕುಡುಸ್ತಿದ್ನೋ."

ಅವರು ಒಲೆಯನ್ನು ಆರಿಸಿದರು. ಅನ್ನಕ್ಕೆ ಇಟ್ಟ ಎಸರು ಆಗಲೇ ಕುದಿಯುತ್ತಿತ್ತು, ಅಕ್ಕಿ ಇನ್ನೂ ಹಾಕಿರಲಿಲ್ಲ. ಬಟ್ಟೆ ಹಿಡಿದು ಪಾತ್ರೆಯನ್ನು ಇಳಿಸಿ ಹೊರಗೆ ಒಯ್ದರು. ಚೆಲ್ಲಲಿಲ್ಲ. ಪಾತ್ರೆ ತೊಳೆಯಲು ಆಗುತ್ತದಲ್ಲ ಎಂದು ಆರಲು ಇಟ್ಟರು. ಖಾಲಿ ಕ್ಯಾನುಗಳು ಬಾಗಿಲ ಸಂದಿಯಲ್ಲಿದ್ದವು. ಒಂದನ್ನು ಅವರು ತೆಗೆದುಕೊಂಡರು. ಇನ್ನೊಂದನ್ನು ನಾನು ತೆಗೆದುಕೊಂಡೆ. ಅಣ್ಣ, ಬೈಕಲ್ಲಿ ತರ್ತೀನಿ ಬುಡಿ ಎಂದರು. ಟೀಚರ್ ಕೇಳಲಿಲ್ಲ. ಮಕ್ಕಳನ್ನು ಸ್ವಲ್ಪ ನೋಡ್ಕಳಿ ಎಂದು ಅವರಿಗೆ ಹೇಳಿ ಮುಂದೆ ನಡೆದರು.

ಹೋಗುವಾಗ ಕ್ಯಾನು ಹಗುರವಾಗಿತ್ತು. ಬರುವಾಗ ಮೂರು ಕಡೆ ಕೆಳಗಿಟ್ಟೆ. ಅವರು ಒಂದೇ ಕಡೆ ಇಟ್ಟರು, ಅದೂ ನನಗಾಗಿ ಎಂದು ಕಾಣುತ್ತದೆ. ಅಂಗನವಾಡಿ ಕಾಣುವ ತಿರುವಿನಲ್ಲಿ ಅವರು, "ಇವತ್ತು ಅನ್ನ ಲೇಟಾತದೆ," ಎಂದು ತಮಗೆ ತಾವೇ ಎಂಬಂತೆ ಹೇಳಿ ಕೈ ಬದಲಿಸಿಕೊಂಡರು.