ಮುಚ್ಚದೆ ಉಳಿದ ಮೆಸೇಜು

ದೊಡ್ಡಕ್ಕ ನಮ್ಮ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವಳು. ಮಂಡಿನೋವು ಹೆಚ್ಚಾದ ಮೇಲೆ ಮೆಸೇಜ್ ವಿಭಾಗಕ್ಕೆ ಬಂದು, ಜನ ಫೋನಿನಲ್ಲಿ ಬರೆದು ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾಳೆ. ಆ ವಿಭಾಗಕ್ಕೆ ಮೇಲ್ವಿಚಾರಕಿ ನಾನು. ನನಗೆ ಮೂಗಿನ ತುದಿಯಲ್ಲೇ ಕೋಪ. ದೊಡ್ಡಕ್ಕ ಅದಕ್ಕೆ ಕವಡೆ ಕಾಸಿನ ಕಿಮ್ಮತ್ತೂ ಕೊಡುವುದಿಲ್ಲ.

ಒಂದು ಶುಕ್ರವಾರ ಒಬ್ಬಳು ಬರೆದಳು: "ನಮ್ಮ ಅತ್ತಿಗೆಗೆ ಎದೆಯಲ್ಲಿ ಗಂಟಿದೆ. ನೋವಿಲ್ಲ. ನೋವಿಲ್ಲದಿದ್ರೆ ಪರವಾಗಿಲ್ಲ ಅಲ್ವಾ?"

ನಾನಾಗಿದ್ದರೆ ಹೆಸರು, ವಯಸ್ಸು, ವಿಳಾಸ ಕೇಳಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೂ ಗದರುತ್ತಿದ್ದೆ. ದೊಡ್ಡಕ್ಕ ಬರೆದಳು, ಅಳಿಸಿದಳು, ಮತ್ತೆ ಬರೆದಳು.

"ಏನಕ್ಕ, ಪ್ರೇಮಪತ್ರ ಬರೀತಿದ್ದೀಯಾ?"

"ಸುಮ್ನಿರೇ ಮಾರಾಯ್ತಿ."

ಕೊನೆಗೆ ಹೋದದ್ದು ಇಷ್ಟು: "ನೋವಿಲ್ಲದಿದ್ರೂ ಗಂಟನ್ನ ಡಾಕ್ಟರು ನೋಡಲೇಬೇಕು, ಈ ವಾರದಲ್ಲೇ. ಹೆಚ್ಚಿನವು ಅಪಾಯದ್ದಲ್ಲ, ಆದ್ರೆ ಪರೀಕ್ಷೆ ಮಾಡದೆ ಹೇಳೋಕಾಗಲ್ಲ. ಬರೋಕೆ ಏನಾದ್ರೂ ಅಡ್ಡಿಯಿದ್ರೆ ನನಗೆ ಬರೀರಿ. ಹೆಸರು ಬೇಡ. ಎಷ್ಟು ದಿನ ಬಿಟ್ಟು ಬರೆದ್ರೂ ನಾನೇ ಓದ್ತೀನಿ."

"ಗಂಟಿರೋದು ಅತ್ತಿಗೆಗೋ, ಇವಳಿಗೇನೋ! ಕೇಳಬಾರದಿತ್ತಾ?" ಎಂದೆ.

"ಕೆದಕಿದ್ರೆ ಮತ್ತೆ ಬರಲ್ಲ. ಅವಳಾಗೇ ಹೇಳ್ಲಿ."

ನಮ್ಮಲ್ಲಿ ಉತ್ತರ ಕೊಟ್ಟ ಮೆಸೇಜನ್ನು ಸಂಜೆಯೊಳಗೆ ಮುಚ್ಚಬೇಕು. ಮುಚ್ಚಿದ ಮೇಲೆ ಅದೇ ಮನುಷ್ಯರು ಮತ್ತೆ ಬರೆದರೆ ಮೊದಲು ಹೆಸರು, ವಿಳಾಸದ ಫಾರಂ ಎದ್ದು ನಿಲ್ಲುತ್ತದೆ. ಅದನ್ನು ತುಂಬಿದರೆ ಬೇರೆ ಯಾರೋ ಉತ್ತರಿಸುತ್ತಾರೆ. ದೊಡ್ಡಕ್ಕ ಇದೊಂದನ್ನು ಮುಚ್ಚಲಿಲ್ಲ. ಒಂದು ವಾರ ಕಳೆಯಿತು, ಎರಡನೆಯದೂ ಅರ್ಧವಾಯಿತು. ಅವಳು ಊಟಕ್ಕೂ ಫೋನು ಹಿಡಿದೇ ಹೋಗುತ್ತಿದ್ದಳು. ಮೇಲಿನವರಿಂದ ನನಗೆ ಬೈಗುಳ ಬಂತು.

"ಇವತ್ತು ಐದಕ್ಕೆ ನಾನೇ ಮುಚ್ತೀನಿ," ಎಂದು ಬುಧವಾರ ಹೇಳಿಬಿಟ್ಟೆ.

"ನಾನೇ ಓದ್ತೀನಿ ಅಂತ ಮಾತು ಕೊಟ್ಟಿದ್ದೀನಿ ಕಣೇ. ಗಂಟು ಬೆಳೀತಿದ್ರೆ?"

"ಅವಳಿಗಿಲ್ಲದ ಚಿಂತೆ ನಿನಗ್ಯಾಕೆ?"

ಅಂದದ್ದೇ ತಡ, ನನಗೇ ನಾಚಿಕೆಯಾಯಿತು. ಆದರೂ ಸೋಲಲು ಮನಸ್ಸಿಲ್ಲದೆ ಅವಳ ಪಕ್ಕದಲ್ಲಿ ಕುರ್ಚಿ ಎಳೆದು ಕೂತೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಪರದೆಯಲ್ಲಿ ಒಂದು ಸಾಲು ಮೂಡಿತು.

"ಅವತ್ತು ಬರೆದೋರು ನೀವೇನಾ?"

"ಹೌದಮ್ಮ, ನಾನೇ," ಎಂದು ದೊಡ್ಡಕ್ಕ ಬರೆದಳು.

ಆ ಕಡೆ ಬರೆಯುತ್ತಿರುವ ಗುರುತು ಬಂತು, ಹೋಯಿತು, ಮತ್ತೆ ಬಂತು. ಅಯ್ಯೋ, ಹೋಗಿಬಿಡಬೇಡ ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅತ್ತಿಗೆಗಲ್ಲ, ಗಂಟಿರೋದು ನನಗೇ. ಏಳು ತಿಂಗಳಾಯ್ತು. ಇಷ್ಟು ತಡ ಮಾಡಿದೆ ಅಂತ ಅಲ್ಲಿ ಬೈತಾರಾ?"

ಏಳು ತಿಂಗಳು ಅವಳನ್ನು ತಡೆದು ನಿಲ್ಲಿಸಿದ್ದು ನನ್ನಂಥವರ ಬಾಯಿ. ದೊಡ್ಡಕ್ಕ ಕೀಬೋರ್ಡನ್ನು ನನ್ನತ್ತ ತಳ್ಳಿದಳು.

"ಬೈಯೋಳು ನೀನಲ್ವಾ? ನೀನೇ ಹೇಳು."

ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಎರಡು ಸಲ ತಪ್ಪಿ, ಮೂರನೆಯ ಸಲ ಬರೆದೆ: "ಯಾರೂ ಬೈಯಲ್ಲಮ್ಮ. ನಾಳೆ ಒಂಬತ್ತಕ್ಕೆ ಬಾ, ನಾನೇ ಜೊತೆಗಿರ್ತೀನಿ."