ಇಪ್ಪತ್ತನೇ ತಾರೀಕಿನ ಸೋಮವಾರ

ಎಪ್ಪತ್ತರ ದಶಕದ ನಡುವೆ ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಒಂದೇ: ಆಧಾರವಿಲ್ಲದೆ ಯಾವುದನ್ನೂ ನಂಬಬೇಡ. ಹಾಗಾಗಿ ಇದನ್ನು ನೀವೂ ಪೂರ್ತಿ ನಂಬಬೇಕಿಲ್ಲ. ಕೆಲವು ಕಡೆ ನನಗೇ ಅನುಮಾನವಿದೆ.

ನಮ್ಮ ಇತಿಹಾಸ ವಿಭಾಗದ ಮುಖ್ಯಸ್ಥರು ಸ್ಥಳೀಯ ಚರಿತ್ರೆಯ ಮೇಲೆ ವಿಚಾರ ಸಂಕಿರಣ ಇಟ್ಟುಕೊಂಡರು. ಪ್ರಬಂಧಗಳನ್ನು ಆಹ್ವಾನಿಸುವ ಪ್ರಕಟಣೆಯನ್ನು ಅವರೇ ಬರೆದು ಪ್ರೆಸ್ಸಿಗೆ ಕೊಟ್ಟು, ಕರಡಚ್ಚು ತಿದ್ದುವ ಕೆಲಸ ನನಗೆ ಹೇಳಿದರು. ನಾನೂ ಒಂದು ಪ್ರಬಂಧ ಬರೆಯುತ್ತಿದ್ದೆ, ಮತ್ತೋಡು ಕಡೆಯ ಕುರಿಹಟ್ಟಿಗಳ ಮೇಲೆ. ನನ್ನ ಮೊದಲ ಪ್ರಬಂಧ. ಸಂಕಿರಣದಲ್ಲಿ ಅದನ್ನು ಓದುತ್ತೇನೆಂದು ಹೊಸದುರ್ಗದ ಅಕ್ಕನ ಮನೆಯಿಂದ ಹಿಡಿದು ಹಿರಿಯೂರಿನ ಬೀಗರವರೆಗೆ ಸಾರಿಬಿಟ್ಟಿದ್ದೆ.

ಮುಖ್ಯಸ್ಥರು ರೈಲ್ವೆ ಜಂಕ್ಷನ್ ಇರುವ ಚಿಕ್ಕಜಾಜೂರಿನವರು. ಅವರಿಗೆ ಗಡಿಯಾರವೆಂದರೆ ರೈಲು. ಕರಡಿನಲ್ಲಿ ಹೀಗಿತ್ತು: “ಪ್ರಬಂಧಗಳು ಬರುವ ತಿಂಗಳ ಇಪ್ಪತ್ತರಂದು ಸಂಜೆ ಗಾಡಿ ಬರುವ ಹೊತ್ತಿಗೆ, ಸಾಕಷ್ಟು ಪ್ರತಿಗಳೊಂದಿಗೆ, ಎಂದಿನ ವಿಳಾಸಕ್ಕೆ ತಲುಪತಕ್ಕದ್ದು.”

ಪ್ರೆಸ್ಸಿನಲ್ಲೇ ಕೂತು ಪೆನ್ಸಿಲ್ ಹಿಡಿದೆ. ಈ ತಿಂಗಳು ಅಚ್ಚಾಗಿ ಮುಂದಿನ ತಿಂಗಳು ಅಂಚೆಯಲ್ಲಿ ಸಿಕ್ಕಿದರೆ “ಬರುವ ತಿಂಗಳು” ಯಾವುದು? ತಿಂಗಳ ಹೆಸರು ಹಾಕಿದೆ. ಗಾಡಿ ತೆಗೆದು ಸಂಜೆ ಐದು ಗಂಟೆ ಮಾಡಿದೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದ ಎರಡು ಪ್ರತಿ ಎಂದೆ. ಪೂರ್ತಿ ವಿಳಾಸ ಬರೆದೆ. ಅಂಚೆಗೆ ಹಾಕಿದ ದಿನ ಲೆಕ್ಕಕ್ಕಿಲ್ಲ, ಕಚೇರಿಗೆ ಮುಟ್ಟಿದ ಹೊತ್ತೇ ಲೆಕ್ಕ ಎಂದೂ ಸೇರಿಸಿದೆ.

ಪ್ರೆಸ್ಸಿನ ಯಜಮಾನರೇ ಅಚ್ಚುಮೊಳೆ ಜೋಡಿಸುವವರು. ಕರಡು ನೋಡಿ, “ಏನ್ರಿ ಸಾರ್, ಇಷ್ಟು ಗೀಚೀರಿ? ಕೂಡಿಸಿದ್ದೆಲ್ಲ ಕಿತ್ತು ಮತ್ತೆ ಕೂಡಿಸ್ಬೇಕು” ಎಂದರು.

“ಅನುಮಾನಕ್ಕೆ ಜಾಗ ಇರಬಾರದು.”

“ಅನುಮಾನಕ್ಕಿರ್ಲಿ, ಹಾಳೆನಾಗೆ ಅಕ್ಷರಕ್ಕೇ ಜಾಗ ಇಲ್ಲ.”

ಆದರೂ ನನಗೆ ತೃಪ್ತಿಯಾಗಲಿಲ್ಲ. ವಾರದ ಹೆಸರೂ ಇದ್ದರೆ ಯಾರೂ ತಪ್ಪುವುದಿಲ್ಲ ಅನ್ನಿಸಿತು. ಪ್ರೆಸ್ಸಿನ ಗೋಡೆಯ ಮೇಲೆ ಅಮ್ಮನವರ ಚಿತ್ರವಿದ್ದ ಕ್ಯಾಲೆಂಡರು, ಅದಕ್ಕೊಂದು ಒಣಗಿದ ಹಾರ. ಆ ತಿಂಗಳ ಹಾಳೆ ತೆಗೆದು ನೋಡಿ ಇಪ್ಪತ್ತರ ಮುಂದೆ “ಸೋಮವಾರ” ಎಂದು ಸೇರಿಸಿದೆ.

ಆ ಸೋಮವಾರ ನಾನು ಅಕ್ಕನ ಮನೆಯಲ್ಲಿ ಕೊನೆಯ ಪುಟ ಮುಗಿಸಿ ಹೊಸದುರ್ಗದಲ್ಲಿ ಬಸ್ಸು ಹತ್ತಿದೆ. ಹೊಳಲ್ಕೆರೆ ದಾಟಿದ ಮೇಲೆ ಒಂದು ಕುರಿಹಿಂಡು ರಸ್ತೆ ತುಂಬ ನಿಂತಿತು. ತೊಡೆಯ ಮೇಲೆ ಕುರಿಗಳ ಬಗ್ಗೆ ಹದಿನೆಂಟು ಪುಟ, ಮುಂದೆ ಸಾಕ್ಷಾತ್ ಕುರಿಗಳು. ಮುನ್ನೂರಿದ್ದವು ಎಂದು ಹೇಳಿಕೊಂಡು ಬಂದಿದ್ದೇನೆ. ಅರವತ್ತಿದ್ದಿರಬಹುದು.

ಕಚೇರಿ ತಲುಪಿದಾಗ ಐದೂ ಇಪ್ಪತ್ತು. ಜವಾನ ಆವಕ ಪುಸ್ತಕದಲ್ಲಿ ಗೆರೆ ಎಳೆದು ಮುಚ್ಚಿದ್ದ. ಎದುರಿಗೆ ಮುಖ್ಯಸ್ಥರು.

“ನಾನು ಗಾಡಿ ಅಂತ ಬರ್ದಿದ್ದೆ. ಗಾಡಿ ಇನ್ನೂ ಬಂದಿಲ್ಲ” ಎಂದರು ಅವರು, ನಿಧಾನವಾಗಿ. “ಗಾಡಿ ತೆಗ್ದೋರು ಯಾರಪ್ಪ?”

“ನಾನೇ ಸಾರ್.”

“ಮುಟ್ಟಿದ ಹೊತ್ತೇ ಲೆಕ್ಕ ಅಂದೋರು?”

“ನಾನೇ.”

“ಹಂಗಾದ್ರೆ ಕುಂತ್ಕಳ್ರಿ, ಟೀ ಕುಡೀರಿ. ಪ್ರಬಂಧ ಮನಿಗೆ ತಗಂಡೋಗ್ರಿ.”

ಆರು ಗಂಟೆ ಸುಮಾರಿಗೆ ಸ್ಟೇಷನ್ನಿನ ಹಮಾಲಿಯೊಬ್ಬ ಲಕೋಟೆ ಹಿಡಿದು ಬಂದ. ಮುಖ್ಯಸ್ಥರ ಸ್ವಂತ ಪ್ರಬಂಧ. ಚಿಕ್ಕಜಾಜೂರಿನ ರೈಲ್ವೆ ಗುಮಾಸ್ತರಾದ ಅವರ ತಮ್ಮ ಟೈಪ್ ಮಾಡಿ, ವಾಡಿಕೆಯಂತೆ ಸಂಜೆಯ ಗಾಡಿಯ ಗಾರ್ಡ್ ಕೈಯಲ್ಲಿ ಕಳಿಸಿದ್ದರು.

ಜವಾನ ಅದನ್ನು ಈ ಕಡೆ ಆ ಕಡೆ ತಿರುಗಿಸಿ, “ಇದನ್ನೇನ್ ಮಾಡಾಣ ಸಾರ್? ಇದನ್ನೂ ಮನಿಗೇನಾ?” ಎಂದು ಕೇಳಿದ.

ಮುಖ್ಯಸ್ಥರು ಪ್ರಕಟಣೆಯ ಅಚ್ಚಾದ ಹಾಳೆ ನೋಡಿದರು. ಗೋಡೆ ನೋಡಿದರು. ಮತ್ತೆ ಹಾಳೆ ನೋಡಿದರು. ಎದ್ದು ಹೋಗಿ ಕಚೇರಿಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟರು.

“ಇವತ್ತು ಸೋಮವಾರ ಹೌದು. ಆದ್ರೆ ತಾರೀಕು ಹತ್ತೊಂಬತ್ತು ಐತಲ್ಲಪ್ಪ. ಇಪ್ಪತ್ತು ಮಂಗಳವಾರ.”

ನಾನು ಹೋಗಿ ನೋಡಿದೆ. ನಿಜ. ಅನುಮಾನ ಹೋಗಲಿ ಎಂದು ಸೇರಿಸಿದ ಒಂದೇ ಮಾತು ಪ್ರಕಟಣೆಯನ್ನು ಕೆಡಿಸಿತ್ತು.

“ಎರಡ್ರಾಗೆ ಯಾವುದು ಅಂತ ಗೊತ್ತಾಗ್ದಿದ್ರೆ ಬರೆಯೋರ ಕಡೀಗೇ ಬಿಡ್ಬೇಕು. ನಾಳೆ ಸಂಜೆ ಐದರ ತನಕ ಟೈಮೈತೆ” ಎಂದು ಮುಖ್ಯಸ್ಥರು ತೀರ್ಪು ಕೊಟ್ಟು, ಎರಡೂ ಲಕೋಟೆಗಳನ್ನು ಜವಾನನ ಮುಂದಿಟ್ಟರು. “ಕರಡು ತಿದ್ದಾಕೆ ನಿಮ್ಮನ್ನ ಹಚ್ಚಿದ್ದು ಒಳ್ಳೇದೇ ಆತು.”

ಮರುದಿನ ಪ್ರೆಸ್ಸಿಗೆ ಹೋಗಿ ಒಣಗಿದ ಹಾರ ಎತ್ತಿ ನೋಡಿದೆ. ಅದರಡಿಯಲ್ಲಿ ಹಿಂದಿನ ವರ್ಷದ ಇಸವಿ.

“ವರ್ಷ ಮುಗೀತು ಅಂತ ಅಮ್ಮನ್ನ ಬಿಸಾಕಾಕಾಗ್ತೈತೇನ್ರಿ?” ಎಂದರು ಯಜಮಾನರು.

ಪ್ರಬಂಧ ಓದಿದೆ. ಓದುವ ಹಿಂದಿನ ದಿನ, ಇಂಥದ್ದರಲ್ಲಿ ನಂಬಿಕೆಯಿಲ್ಲದ ನಾನು, ಆ ಕ್ಯಾಲೆಂಡರಿಗೆ ಹೊಸ ಹಾರ ತಂದು ಹಾಕಿದ ನೆನಪಿದೆ. ಹಾರ ತಂದದ್ದು ತಾವೆಂದು ಯಜಮಾನರು ಕೊನೆಯವರೆಗೂ ಹೇಳುತ್ತಿದ್ದರು.