ಮುಚ್ಚಳದ ಮೇಲಿನ ‘ಮಂ’

ಮಂಜುಳಮ್ಮನವರು ಹತ್ತೊಂಬತ್ತು ವರ್ಷ ಶ್ರೀರಾಂಪುರದಿಂದ ಬಸ್ಸು ಹತ್ತಿ ಬಂದು, ಜಯಲಕ್ಷ್ಮಿಪುರಂ ಪಕ್ಕದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿ ದುಡಿದವರು. ಪಿಎಚ್‌ಡಿ ಗಿಎಚ್‌ಡಿ ಏನೂ ಇಲ್ಲ, ಬರೀ ಬಿ.ಎಸ್ಸಿ. ಆದರೂ ಪ್ರೊಫೆಸರ್ ಸಿದ್ದಲಿಂಗಸ್ವಾಮಿಯವರು, “ಮಂಜುಳಮ್ಮ ಮಾಡಿದ್ದಾ? ಹಾಗಾದ್ರೆ ನೋಡೋದೇ ಬೇಡ ಬಿಡಿ” ಅನ್ನುತ್ತಿದ್ದರು. ಆ ಮಾತೇ ಆಕೆಗೆ ಆಸ್ತಿ, ಒಡವೆ ಎಲ್ಲ.

ಅಲ್ಲೊಂದು ವಾಡಿಕೆ ಇತ್ತು. ಕಿಣ್ವವನ್ನು ಯಾರೇ ತಯಾರಿಸಲಿ, ಪುಟ್ಟ ಪುಟ್ಟ ಟ್ಯೂಬುಗಳಿಗೆ ಹಂಚಿ ಫ್ರೀಜರಿಗಿಡುವುದು ಮಂಜುಳಮ್ಮನ ಕೆಲಸ. ಹಂಚಿದವರೇ ಮುಚ್ಚಳದ ಮೇಲೆ ಗುರುತು ಹಾಕಬೇಕು. ಹಾಗಾಗಿ ಫ್ರೀಜರಿನ ತುಂಬ ‘ಮಂ’, ‘ಮಂ’ ಅಂತ ಅವರದೇ ಅಕ್ಷರ.

೧೯೯೯ರಲ್ಲಿ ಅಮರೇಶ್ ಅನ್ನುವ ಸಂಶೋಧನಾ ವಿದ್ಯಾರ್ಥಿ ಥೀಸಿಸ್ಸಿನ ಕೊನೆಗೆ ಬಂದಿದ್ದ. ಜೆಲ್ ಹುಯ್ಯುವುದರಿಂದ ಹಿಡಿದು ಎಲ್ಲ ಕಲಿಸಿದವರು ಮಂಜುಳಮ್ಮನೇ. ಅಕ್ಕಾ ಅಕ್ಕಾ ಅಂತ ಅವರ ಡಬ್ಬಿಯ ಚಿತ್ರಾನ್ನ ತಿಂದು ಬೆಳೆದ ಆಸಾಮಿ. ಅವನ ಥೀಸಿಸ್ಸೆಲ್ಲ ನಿಂತಿದ್ದು ಒಂದೇ ಮಾತಿನ ಮೇಲೆ: ತಾನು ಹಿಡಿದ ಜೀನಿನ ಕೊನೆಯಲ್ಲಿ, ಡಿಎನ್‌ಎ ನೋಡಿಕೊಂಡು ಕಿಣ್ವ ಮಾಡುವ ಆರ್‌ಎನ್‌ಎ ಬರವಣಿಗೆ ತಾನಾಗಿಯೇ ನಿಲ್ಲುತ್ತದೆ, ನಿಲ್ಲಿಸಲು ರೋ ಅನ್ನುವ ಪ್ರೋಟೀನ್ ಬೇಡ.

ಮಂಜುಳಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ತಾನಾಗಿ ನಿಲ್ಲಬೇಕಾದರೆ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು ಬಿಗಿಯಾದ ಹೇರ್‌ಪಿನ್ ಆಗಬೇಕು, ಅದರ ಬೆನ್ನಿಗೇ ಯು ಅಕ್ಷರಗಳ ಸಾಲು ಬರಬೇಕು. ಆಗ ಕಿಣ್ವದ ಹಿಡಿತ ಸಡಿಲಾಗಿ ಆರ್‌ಎನ್‌ಎ ಕಳಚಿಕೊಳ್ಳುತ್ತದೆ. ಈ ಜೀನಿನಲ್ಲಿ ಹೇರ್‌ಪಿನ್ನೂ ಇಲ್ಲ, ಯು ಸಾಲೂ ಇಲ್ಲ. ಮತ್ತೆ ನಿಲ್ಲೋದು ಹೆಂಗೆ?

ಆ ಪ್ರಯೋಗಕ್ಕೆ ಬಳಸಿದ, ಆರ್‌ಎನ್‌ಎ ಬರೆಯುವ ಪಾಲಿಮರೇಸ್ ಕಿಣ್ವದ ಬ್ಯಾಚನ್ನು ಅಮರೇಶನೇ ಮಾಡಿದ್ದ. ಮಂಜುಳಮ್ಮ ಅದನ್ನು ಮತ್ತೆ ಪ್ರೋಟೀನುಗಳನ್ನು ಬೇರ್ಪಡಿಸುವ ಕಾಲಂಗಳಲ್ಲಿ ಹಾಯಿಸಿ ಶುದ್ಧ ಮಾಡಿ, ಪ್ರಯೋಗ ಮಾಡಿ ನೋಡಿದರು. ಬರೆದ ಆರ್‌ಎನ್‌ಎ ಎಕ್ಸ್‌ರೇ ಫಿಲ್ಮಿನ ಮೇಲೆ ಗೆರೆಯಾಗಿ ಮೂಡಬೇಕು; ಮೊದಲ ಫಿಲ್ಮು ಪೂರ್ತಿ ಖಾಲಿ, ಒಂದು ಗೆರೆಯೂ ಇಲ್ಲ. ಅವರು ಹೆದರಲಿಲ್ಲ, ಕಾಲಂನಲ್ಲಿ ಕಿಣ್ವದ ಸಿಗ್ಮಾ ಅನ್ನುವ ಭಾಗ ಕಳಚಿಹೋಗಿದೆ ಅಂತ ಗೊತ್ತಿತ್ತು. ಜೀನು ಎಲ್ಲಿ ಶುರು ಅಂತ ತೋರಿಸುವ ಪ್ರೊಮೋಟರಿನಲ್ಲಿ ಎರಡು ಗುರುತು ಇರುತ್ತವೆ, ಶುರುವಿಗಿಂತ ಹತ್ತು ಅಕ್ಷರ ಹಿಂದೊಂದು, ಮೂವತ್ತೈದು ಅಕ್ಷರ ಹಿಂದೊಂದು. ಅವನ್ನು ಗುರುತಿಸುವುದು ಸಿಗ್ಮಾ. ಅದಿಲ್ಲದ ಬರೀ ಕೋರ್ ಕಿಣ್ವಕ್ಕೆ ಮನೆ ಬಾಗಿಲೇ ಗೊತ್ತಾಗುವುದಿಲ್ಲ. ಬೇರೆ ಇಟ್ಟಿದ್ದ ಸಿಗ್ಮಾ ಬೆರೆಸಿದರು. ಈಗ ಗೆರೆ ಬಂತು, ಆದರೆ ಉದ್ದದ ಗೆರೆ: ಕಿಣ್ವ ಎಲ್ಲೂ ನಿಲ್ಲದೆ ಡಿಎನ್‌ಎ ತುಂಡಿನ ತುದಿವರೆಗೂ ಬರೆದುಕೊಂಡು ಹೋಗಿತ್ತು. ಇನ್ನೊಂದು ಟ್ಯೂಬಿಗೆ ರೋ ಹಾಕಿದರು. ರೋ ಆರ್‌ಎನ್‌ಎ ಹಿಡಿದು, ಎಟಿಪಿ ಇಂಧನವಾಗಿ ಉರಿಸಿಕೊಂಡು ಕಿಣ್ವದ ಬೆನ್ನಟ್ಟಿ ಬರವಣಿಗೆ ನಿಲ್ಲಿಸುತ್ತದೆ. ಅಲ್ಲಿ ಗೆರೆ ಗಿಡ್ಡವಾಗಿ, ಅಮರೇಶನ ಫಿಲ್ಮಿನಲ್ಲಿದ್ದ ಹಳೇ ಜಾಗಕ್ಕೇ ಬಂತು. ಅಂದರೆ ಅಮರೇಶನ ಬ್ಯಾಚಿನಲ್ಲಿ ರೋ ಮೊದಲೇ ಸೇರಿಕೊಂಡಿತ್ತು. ಅವಸರದಲ್ಲಿ ಕೊನೆಯ ಕಾಲಂ ಬಿಟ್ಟಿದ್ದ.

ನೇರ ಪ್ರೊಫೆಸರ್ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ತಮ್ಮನಂಥವನು, ಮರ್ಯಾದೆ ಉಳಿಯಲಿ ಅಂತ ಫಿಲ್ಮುಗಳನ್ನು ಅವನ ಕೈಗೇ ಕೊಟ್ಟು, “ನೀನೇ ಹೇಳ್ಬುಡು ಕಣಪ್ಪ, ತಪ್ಪು ಯಾರು ಮಾಡಲ್ಲ ಹೇಳು” ಅಂದರು. ಅವನು ಕಣ್ಣಲ್ಲಿ ನೀರು ತಂದುಕೊಂಡು ಒಂದು ವಾರ ಸಮಯ ಕೇಳಿದ.

ಸೋಮವಾರದ ಮೀಟಿಂಗಿನಲ್ಲಿ ಅವನು ಅದೇ ಫಿಲ್ಮುಗಳನ್ನು ತೋರಿಸಿದ. “ನನಗೆ ಅನುಮಾನ ಬಂತು ಸರ್. ಮತ್ತೆ ಶುದ್ಧ ಮಾಡಿ ನೋಡಿದೆ. ಸ್ಟಾಕ್ ಕಿಣ್ವದಲ್ಲಿ ರೋ ಇತ್ತು” ಅಂದು, ಒಂದು ಟ್ಯೂಬು ಮೇಜಿನ ಮೇಲಿಟ್ಟ.

ಪ್ರೊಫೆಸರ್ ಮುಚ್ಚಳ ನೋಡಿದರು. “ಇದು ನಿಮ್ಮ ಬರಹ ಅಲ್ವಾ, ಮಂಜುಳಮ್ಮ?”

“ಬರಹ ನಂದೇ ಸರ್. ಮಾಡಿದ್ದು...” ಅನ್ನುತ್ತ ಮಂಜುಳಮ್ಮ ಅಮರೇಶನ ಕಡೆ ನೋಡಿದರು. ಅವನು ಹೇಳುತ್ತಾನೆ ಅಂತಲೇ ಕಾದರು. ಅವನು ಪ್ರೊಜೆಕ್ಟರಿನ ಹಾಳೆ ಸರಿಮಾಡುತ್ತ ನಿಂತಿದ್ದ.

“ವಯಸ್ಸಾಯ್ತು, ಪಾಪ. ಇನ್ಮೇಲೆ ಕಿಣ್ವದ ಕೆಲಸ ಬೇಡ. ಬ್ಯಾಕ್ಟೀರಿಯಾ ಬೆಳೆಸೋ ಮೀಡಿಯಾ, ಗಾಜಿನ ಸಾಮಾನು ನೋಡ್ಕೊಳ್ಳಿ” ಅಂದರು ಪ್ರೊಫೆಸರ್. ಬೈದಿದ್ದರೂ ತಡೆಯಬಹುದಿತ್ತು, ಆ ‘ಪಾಪ’ ಅನ್ನೋದು ಎದೆಗೆ ನಾಟಿತು. ಉಂಡ ಮನೆಗೆ ಎರಡು ಬಗೆದವನಿಗೆ ಚಪ್ಪಾಳೆ, ಹತ್ತೊಂಬತ್ತು ವರ್ಷದ ಕೈಗೆ ಬಾಟಲು ತೊಳೆಯುವ ಬ್ರಷ್ಷು! ನನ್ನನ್ನು ಕೇಳಿದರೆ ಅಲ್ಲೇ ಅವನ ಕೊರಳಪಟ್ಟಿ ಹಿಡಿಯಬೇಕಿತ್ತು.

ಬುಧವಾರ ಅವರು ಸಿಂಕಿನ ಮುಂದೆ ನಿಂತಿದ್ದಾಗ ಅಮರೇಶ್ ಬಂದ. ಅದೇ ಪ್ರಯೋಗವನ್ನು ತಾನೇ ಮೂರು ಸಲ ಮಾಡಿದರೂ ಅವನ ಫಿಲ್ಮು ಖಾಲಿಯಂತೆ.

“ಅಕ್ಕಾ, ಕೋರ್‌ಗೆ ಸಿಗ್ಮಾ ಎಷ್ಟು ಹಾಕಿದ್ರಿ?”

ಅವರು ಏನು ಬೇಕಾದರೂ ಅನ್ನಬಹುದಿತ್ತು. ‘ಕಂಡುಹಿಡಿದವನು ನೀನೇ ಅಲ್ವೇನೋ’ ಅನ್ನುವ ಮಾತು ನಾಲಿಗೆ ತುದಿಯಲ್ಲೇ ಇತ್ತು.

“ಒಂದಕ್ಕೆ ಐದು. ಮೊದಲು ಹತ್ತು ನಿಮಿಷ ಬೆರೆಸಿಡು, ಆಮೇಲೆ ಡಿಎನ್‌ಎ” ಅಂದರು.

ಅವನು ಬರೆದುಕೊಂಡು ಹೋದ. ಅವನು ಮಾಡಿದ್ದನ್ನು ಮಂಜುಳಮ್ಮ ಹೇಗೋ ನುಂಗಿಕೊಂಡರು. ಅಂದು ಸಿಂಕಿನ ಮುಂದೆ ತಾನೇ ಬಾಯಿಬಿಟ್ಟು ಆ ಸಿಗ್ಮಾದ ಲೆಕ್ಕ ಹೇಳಿಕೊಟ್ಟೆನಲ್ಲ ಅನ್ನುವುದನ್ನು ಮಾತ್ರ ಅವರಿಗೆ ಇವತ್ತಿಗೂ ನುಂಗಲಾಗಿಲ್ಲ.